ಹೊಸ ಆರ್ಡರ್ ಬಂತಾ? ನಾವೇ ಹೋಗಿ ಕೇಳಬೇಕೋ, ಅವರೇ ಬಂದು ಹೇಳಬೇಕೋ: ಪದೇ ಪದೇ ಕೇಳುವ ಪ್ರಶ್ನೆಗಳು

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಕೆಲವು ಮನೆ ಅಂಗಡಿಗಳಿಗೆ ನಾನು ಆರ್ಡರ್ ಇಳಿಸಿಕೊಳ್ಳುವ ವ್ಯವಸ್ಥೆ ಮಾಡಿಕೊಟ್ಟಿದ್ದೇನೆ. ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಜೇನುತುಪ್ಪ, ಕಾಳುಮೆಣಸು ಮಾರುವವರು. ಅಂಗಡಿ ನಡೆಯುವುದು ವರ್ಡ್‌ಪ್ರೆಸ್ ಸೈಟಿಗೆ ಸೇರಿಸುವ ವೂಕಾಮರ್ಸ್ ಅನ್ನುವ ಅಂಗಡಿ ಪ್ಲಗಿನ್‌ನಲ್ಲಿ, ಎಲ್ಲೋ ದೂರದ ಸರ್ವರ್ ಮೇಲೆ. ಪ್ಯಾಕಿಂಗ್ ನಡೆಯುವುದು ಜಗಲಿ ಪಕ್ಕದ ಕೋಣೆಯಲ್ಲಿ, ಒಂದು ಹಳೇ ಕಂಪ್ಯೂಟರ್ ಮತ್ತು ಲೇಬಲ್ ಪ್ರಿಂಟರ್ ಇಟ್ಟುಕೊಂಡು. ಅಲ್ಲಿಂದ ಇಲ್ಲಿಗೆ ಆರ್ಡರ್ ಹೇಗೆ ಬರಬೇಕು ಅನ್ನುವ ಬಗ್ಗೆ ಫೋನಿನಲ್ಲಿ, ವಾಟ್ಸಾಪಿನಲ್ಲಿ, ಊಟದ ಮನೆಯ ಪಂಕ್ತಿಯಲ್ಲೂ ಕೇಳಿದ ಪ್ರಶ್ನೆಗಳು ಇವು.

## ಶುರುವಿನ ಪ್ರಶ್ನೆಗಳು

ಪೋಲಿಂಗ್, ವೆಬ್‌ಹುಕ್ ಅಂತೀರಲ್ಲ, ಎರಡಕ್ಕೂ ವ್ಯತ್ಯಾಸ ಎಂಥದು ಮಾರಾಯ್ರೇ?

ಪೋಲಿಂಗ್ ಅಂದರೆ ನಿಮ್ಮ ಕಂಪ್ಯೂಟರ್ ಗಡಿಯಾರ ನೋಡಿಕೊಂಡು ಆಗಾಗ ಅಂಗಡಿಯ ಸರ್ವರನ್ನು ಕೇಳುವುದು: "ಪ್ಯಾಕ್ ಮಾಡಬೇಕಾದ್ದು ಏನೇನಿದೆ?" ವೆಬ್‌ಹುಕ್ ಅಂದರೆ ಆರ್ಡರ್ ಬಂದ ಕೂಡಲೇ ಸರ್ವರ್ ತಾನಾಗಿ ನಿಮ್ಮ ಕಂಪ್ಯೂಟರಿನ ವಿಳಾಸಕ್ಕೆ ಸುದ್ದಿ ಕಳಿಸುವುದು. ಪೇಟೆಗೆ ಹೋದಾಗ ಪೋಸ್ಟ್ ಆಫೀಸಿಗೆ ಹೊಕ್ಕು "ನಮ್ಮನೆಗೆ ಕಾಗದ ಇದೆಯಾ" ಅಂತ ಕೇಳುವುದು ಒಂದು ಬಗೆ. ಪೋಸ್ಟ್‌ಮ್ಯಾನ್ ಮನೆಗೇ ತಂದು ಕೊಡುವುದು ಇನ್ನೊಂದು.

ಯಾರು ಮೊದಲು ಮಾತಾಡುತ್ತಾರೆ ಅನ್ನುವುದೊಂದೇ ವ್ಯತ್ಯಾಸ. ಆದರೆ ಅದರಿಂದಲೇ ಉಳಿದದ್ದೆಲ್ಲ ಬದಲಾಗುತ್ತದೆ. ಪೋಲಿಂಗ್‌ನಲ್ಲಿ ತಪ್ಪದೆ ಎಚ್ಚರ ಇರಬೇಕಾದ್ದು ಸರ್ವರ್ ಮಾತ್ರ. ನೀವು ಮಲಗಿ ಎದ್ದು ಕೇಳಿದರೂ ನಡೆಯುತ್ತದೆ. ವೆಬ್‌ಹುಕ್‌ನಲ್ಲಿ ಸುದ್ದಿ ಬರುವ ಹೊತ್ತಿಗೆ ನೀವೂ ಎಚ್ಚರ ಇರಬೇಕು.

"ಪೆಂಡಿಂಗ್" ಆರ್ಡರ್ ಕೊಡು ಅಂದ್ರೆ ದುಡ್ಡೇ ಬಾರದ ಆರ್ಡರೆಲ್ಲ ಬಂತು. ಯಾಕೆ?

ವೂಕಾಮರ್ಸ್ ಭಾಷೆಯಲ್ಲಿ `pending` ಅಂದರೆ ಹಣ ಬಾಕಿ. ನಮಗೆ ಬೇಕಾದ್ದು ಕೆಲಸ ಬಾಕಿ. ಹಣ ಬಂದು, ಇನ್ನು ಪ್ಯಾಕ್ ಮಾಡಬೇಕಾದ ಆರ್ಡರಿನ ಹೆಸರು `processing`. ಬ್ಯಾಂಕಿಗೆ ನೇರವಾಗಿ ಹಾಕುತ್ತೇನೆ ಅಂದವರ ಆರ್ಡರ್ `on-hold` ಆಗಿ ಕೂತಿರುತ್ತದೆ. ಪಾರ್ಸೆಲ್ ಬಂದ ಮೇಲೆ ದುಡ್ಡು ಕೊಡುತ್ತೇನೆ ಅಂದವರದ್ದು ನೇರ `processing`ಗೆ ಹೋಗುತ್ತದೆ.

ವೆಬ್‌ಹುಕ್ ಹಾಕುವವರೂ ಇದೇ ಗುಂಡಿಗೆ ಬೀಳುತ್ತಾರೆ. ಹೊಸ ಆರ್ಡರ್ ಅಲ್ವಾ ಅಂತ `order.created` ಆರಿಸಿಕೊಳ್ಳುತ್ತಾರೆ. ಯುಪಿಐನಲ್ಲಿ ಕಟ್ಟುವವರ ಆರ್ಡರ್ ಹುಟ್ಟುವುದು ಹಣ ಕಟ್ಟುವ ಮೊದಲು, ಹಣ ಬಂದದ್ದು ಗೊತ್ತಾಗುವುದು ಆಮೇಲಿನ `order.updated`ನಲ್ಲಿ. ಮೊದಲನೆಯದನ್ನು ಮಾತ್ರ ಕೇಳುತ್ತಾ ಕೂತರೆ ಕಟ್ಟದೇ ಬಿಟ್ಟುಹೋದವರ ಹೆಸರಿಗೂ ಲೇಬಲ್ ಹೊಡೆದಿರುತ್ತೀರಿ.

ಕೇಳುವುದು ಅಂದ್ರೆ ನಿಜವಾಗಿ ಏನನ್ನ ಕೇಳಬೇಕು?

ಈ ಒಂದು ಪ್ರಶ್ನೆಗೆ ಸರಿಯಾದ ಉತ್ತರ ಸಿಕ್ಕರೆ ಅರ್ಧ ತಲೆನೋವು ಕಳೆಯಿತು. ಹೆಚ್ಚಿನವರು "ಕಳೆದ ಸಲ ಕೇಳಿದ ಮೇಲೆ ಹೊಸದು ಏನು ಬಂತು?" ಅಂತ ಕೇಳುತ್ತಾರೆ. ಹಾಗೆ ಕೇಳಿದರೆ ಕಳೆದ ಸಲ ಯಾವಾಗ ಕೇಳಿದ್ದು ಅನ್ನುವುದನ್ನು ನೆನಪಿಡಬೇಕು. ಆ ನೆನಪು ಕೆಟ್ಟರೆ ಆರ್ಡರ್ ತಪ್ಪುತ್ತದೆ.

ನಾನು ಕೇಳಿಸುವುದು "ಈಗ ಬಾಕಿ ಇರುವುದೆಲ್ಲ ಕೊಡು" ಅಂತ:

```
GET /wp-json/wc/v3/orders?status=processing&orderby=id&order=asc&per_page=100
```

ದಿನಕ್ಕೆ ಇಪ್ಪತ್ತು ಮೂವತ್ತು ಆರ್ಡರ್ ಬರುವ ಮನೆಯಲ್ಲಿ ಬಾಕಿ ಪಟ್ಟಿ ನೂರು ದಾಟುವುದು ಅಪರೂಪ. ಆದ್ದರಿಂದ ಒಂದೇ ಪುಟದಲ್ಲಿ ಪೂರ್ತಿ ಬರುತ್ತದೆ. ಪ್ಯಾಕ್ ಆದ ಮೇಲೆ ಆರ್ಡರನ್ನು `completed` ಮಾಡುತ್ತೀರಿ, ಅದು ಪಟ್ಟಿಯಿಂದ ತಾನೇ ಇಳಿದುಹೋಗುತ್ತದೆ. ನಿನ್ನೆ ಕೇಳುವುದು ತಪ್ಪಿದ್ದರೂ ಇವತ್ತು ಕೇಳಿದಾಗ ಆ ಆರ್ಡರ್ ಅಲ್ಲೇ ಕೂತಿರುತ್ತದೆ. ತಾರೀಕು, ಗಡಿಯಾರ, ನೆನಪು ಯಾವುದೂ ಬೇಡ.

`per_page` ಬರೆಯದೆ ಬಿಟ್ಟರೆ ಹತ್ತೇ ಆರ್ಡರ್ ಕೊಡುತ್ತದೆ, ಅದೊಂದು ಎಚ್ಚರ ಇರಲಿ. ನೂರಕ್ಕಿಂತ ಜಾಸ್ತಿ ಒಂದೇ ಸಲ ಕೊಡುವುದಿಲ್ಲ.

## ಆಯ್ಕೆ ಮಾಡುವಾಗ

ವೆಬ್‌ಹುಕ್ ಇರುವಾಗ ಹತ್ತು ನಿಮಿಷಕ್ಕೊಮ್ಮೆ ಹೋಗಿ ಕೇಳುವುದು ಹಳೇ ಕಾಲದ್ದಲ್ವಾ?

ಹಳೇದು ಹೌದು. ಆದರೆ ಬಾಕಿ ಪಟ್ಟಿ ಸಣ್ಣದಿರುವಾಗ, ನಿಮ್ಮ ಕಡೆ ಕರೆಂಟ್ ಮತ್ತು ನೆಟ್ ನಂಬುವ ಹಾಗಿಲ್ಲದಾಗ ನಾನು ಮೊದಲು ಹಾಕುವುದು ಪೋಲಿಂಗನ್ನೇ. ಕಾರಣ ಸರಳ. ಪೋಲಿಂಗ್ ಒಂದು ಸಲ ಸೋತರೆ ಆರ್ಡರ್ ತಡ ಆಗುತ್ತದೆ. ವೆಬ್‌ಹುಕ್ ಒಂದು ಸಲ ಸೋತರೆ ಆರ್ಡರ್ ಕಾಣೆಯಾಗಬಹುದು. ತಡವಾದ ಉಪ್ಪಿನಕಾಯಿಗೆ ಗಿರಾಕಿ ಬೈಯುತ್ತಾರೆ, ಹೋಗದೇ ಇದ್ದ ಉಪ್ಪಿನಕಾಯಿಗೆ ಮತ್ತೆ ಬರುವುದೇ ಇಲ್ಲ.

ಸುಮ್ನೆ ಕೇಳಿ ಕೇಳಿ ದಂಡ ಅಂತಲೂ ಹೇಳುತ್ತಾರೆ. ಹತ್ತು ನಿಮಿಷಕ್ಕೊಮ್ಮೆ ಅಂದರೆ ದಿನಕ್ಕೆ 144 ಸಲ. ಅದರಲ್ಲಿ ನೂರಿಪ್ಪತ್ತು ಸಲ ಹೊಸದೇನೂ ಇಲ್ಲ ಅನ್ನಿ. ಒಬ್ಬ ಗಿರಾಕಿ ಅಂಗಡಿಯೊಳಗೆ ಅಡ್ಡಾಡಿ ನಾಲ್ಕು ಪುಟ ನೋಡಿದರೆ, ಚಿತ್ರ ಗಿತ್ರ ಸೇರಿ ಸರ್ವರಿಗೆ ಹೋಗುವ ಕೋರಿಕೆಗಳೇ ಅಷ್ಟಾಗಿಬಿಡುತ್ತವೆ.

ಎಷ್ಟು ಹೊತ್ತಿಗೊಮ್ಮೆ ಕೇಳಿಸಲಿ? ಹದಿನೈದು ಸೆಕೆಂಡ್ ಇಟ್ಟರೆ ಒಳ್ಳೆಯದಲ್ವಾ?

ತಡ ಆದರೆ ಯಾರಿಗೆ ಯಾವಾಗ ತೊಂದರೆ ಶುರುವಾಗುತ್ತದೆ ಅಂತ ಮೊದಲು ನೋಡಿ, ಆಮೇಲೆ ನಿಮಿಷ ಆರಿಸಿ. ನಾನು ಹೋಗುವ ಒಂದು ಮನೆಗೆ ಕೊರಿಯರ್ ಗಾಡಿ ಮಧ್ಯಾಹ್ನ ಮೂರೂವರೆಗೆ ಬರುತ್ತದೆ. ಎರಡು ಗಂಟೆಯೊಳಗೆ ಬಂದ ಆರ್ಡರನ್ನು ಅವತ್ತೇ ಕಳಿಸುತ್ತಾರೆ. ಹತ್ತು ನಿಮಿಷಕ್ಕೊಮ್ಮೆ ಕೇಳಿದರೆ ಒಂದು ಆರ್ಡರ್ ಹೆಚ್ಚೆಂದರೆ ಹತ್ತು ನಿಮಿಷ, ಸರಾಸರಿ ಐದು ನಿಮಿಷ ತಡವಾಗಿ ಕಾಣುತ್ತದೆ. 1:59ಕ್ಕೆ ಬಂದದ್ದು 2:09ಕ್ಕೆ ಕಂಡರೂ ಗಾಡಿಗೆ ಇನ್ನೂ ಒಂದು ಗಂಟೆ ಇಪ್ಪತ್ತು ನಿಮಿಷ ಇದೆ. ಅಲ್ಲಿಗೆ ಹತ್ತು ನಿಮಿಷ ಧಾರಾಳ ಸಾಕು.

ಹದಿನೈದು ಸೆಕೆಂಡ್ ಅಂದರೆ ದಿನಕ್ಕೆ 5,760 ಸಲ. ಪ್ರತಿ ಸಲವೂ ವರ್ಡ್‌ಪ್ರೆಸ್ ಪೂರ್ತಿ ಎದ್ದು ಕೂತು, ಪ್ಲಗಿನ್‌ಗಳನ್ನೆಲ್ಲ ಎಬ್ಬಿಸಿ, ಉತ್ತರ ಹೇಳಬೇಕು. ಹತ್ತಾರು ಅಂಗಡಿಗಳು ಒಟ್ಟಿಗೆ ಬದುಕುವ ಅಗ್ಗದ ಹೋಸ್ಟಿಂಗಿನಲ್ಲಿ ಇದರ ಬಿಸಿ ಮುಟ್ಟುವುದು ನಿಮ್ಮ ಗಿರಾಕಿಗೇ. ಸರ್ವರ್ `429` ಅಂತ ಉತ್ತರಿಸಿದರೆ "ಜಾಸ್ತಿ ಕೇಳುತ್ತಿದ್ದೀ" ಅಂತ ಅರ್ಥ. ಜೊತೆಗೆ `Retry-After` ಕೊಟ್ಟಿದ್ದರೆ ಅಷ್ಟು ಹೊತ್ತು ಬಾಯಿ ಮುಚ್ಚಿಕೊಂಡಿರಬೇಕು.

ಲಿನಕ್ಸ್ ಇದ್ದರೆ, ಹೇಳಿದ ಹೊತ್ತಿಗೆ ಕೆಲಸ ಓಡಿಸುವ ಕ್ರಾನ್‌ಗೆ ಒಂದು ಸಾಲು ಕೊಟ್ಟರೆ ಸಾಕು, ಪಟ್ಟಿ ಕೇಳುವ ಸ್ಕ್ರಿಪ್ಟ್ `fetch.sh`:

```
3-59/10 * * * * flock -n /tmp/orders.lock /home/pack/fetch.sh
```

ಮೂರನೇ ನಿಮಿಷದಿಂದ ಶುರು ಮಾಡಿದ್ದಕ್ಕೂ ಕಾರಣ ಇದೆ. ಸೊನ್ನೆ, ಹತ್ತು, ಇಪ್ಪತ್ತಕ್ಕೆ ಸರಿಯಾಗಿ ಎಲ್ಲರ ಕೆಲಸಗಳೂ ಒಟ್ಟಿಗೆ ಏಳುತ್ತವೆ, ಆ ನೂಕುನುಗ್ಗಲು ನಮಗೆ ಬೇಡ. `flock` ಇರುವುದು ಹಳೆಯ ಓಟ ಮುಗಿಯದೆ ಹೊಸದು ಶುರುವಾಗದಿರಲಿ ಅಂತ. ಜೋರು ಮಳೆಯಲ್ಲಿ ನೆಟ್ ತೆವಳುವಾಗ ಇದು ನಿಜಕ್ಕೂ ಬೇಕಾಗುತ್ತದೆ.

ಮನೆಗೆ ಫೈಬರ್ ಬಂದಿದೆ, ವಿಳಾಸವನ್ನೂ ಹಾಕಿದೆ. ಆದರೂ ವೆಬ್‌ಹುಕ್ ಬರ್ತಾನೇ ಇಲ್ಲ.

ಬಹುಶಃ ಹೊರಗಿನವರು ನಿಮ್ಮ ಮನೆಯ ಬಾಗಿಲಿನವರೆಗೆ ಬರಲು ದಾರಿಯೇ ಇಲ್ಲ. ಹೆಚ್ಚಿನ ಮನೆ ಕನೆಕ್ಷನ್‌ಗಳಲ್ಲಿ ಹಲವು ಮನೆಗಳಿಗೆ ಸೇರಿ ಒಂದೇ ಹೊರವಿಳಾಸ ಇರುತ್ತದೆ. ನಿಮ್ಮ ರೌಟರ್ ಪುಟದಲ್ಲಿ ಕಾಣುವ ಹೊರಬದಿಯ ವಿಳಾಸ 100.64ರಿಂದ 100.127ರ ಒಳಗೆ ಶುರುವಾಗಿದ್ದರೆ ಅದೇ ಕಥೆ. "ನನ್ನ ಐಪಿ ಯಾವುದು" ಅಂತ ತೋರಿಸುವ ಸೈಟಿನ ಅಂಕಿಗೂ ರೌಟರಿನ ಅಂಕಿಗೂ ತಾಳೆ ಬರದಿದ್ದರೂ ಅದೇ. ಆಗ ರೌಟರಿನಲ್ಲಿ ಎಷ್ಟು ಪೋರ್ಟ್ ತೆರೆದರೂ ಉಪಯೋಗವಿಲ್ಲ.

ಇನ್ನೊಂದು ಸಣ್ಣ ವಿಷಯಕ್ಕೆ ನಾನು ಒಂದು ಸಂಜೆ ಕಳೆದಿದ್ದೇನೆ. ವರ್ಡ್‌ಪ್ರೆಸ್ ತನ್ನ ಸುರಕ್ಷತೆಗಾಗಿ ಹೊರಗೆ ಹೋಗುವ ಇಂಥ ಕೋರಿಕೆಗಳನ್ನು 80, 443, 8080 ಪೋರ್ಟ್‌ಗಳಿಗೆ ಮಾತ್ರ ಬಿಡುತ್ತದೆ. ನಾನು 5000 ಇಟ್ಟುಕೊಂಡು ಕಾಯುತ್ತಾ ಕೂತಿದ್ದೆ.

ಟನಲ್ ಹಾಕಿ ದಾಟಬಹುದು. ಮನೆಯ ಕಂಪ್ಯೂಟರೇ ಹೊರಗಿನ ಒಂದು ಸೇವೆಗೆ ಸಂಪರ್ಕ ಹಿಡಿದುಕೊಂಡಿರುತ್ತದೆ, ವೆಬ್‌ಹುಕ್ ಆ ದಾರಿಯಲ್ಲಿ ಒಳಗೆ ಬರುತ್ತದೆ. ಕೆಲಸ ಮಾಡುತ್ತದೆ. ಆದರೆ ನೋಡಿಕೊಳ್ಳಬೇಕಾದ ವಸ್ತು ಇನ್ನೊಂದು ಹೆಚ್ಚಾಯಿತು. ಪೋಲಿಂಗ್‌ನಲ್ಲಿ ಹೊರಡುವವರು ನಾವೇ ಆದ್ದರಿಂದ ಈ ತಾಪತ್ರಯ ಯಾವುದೂ ಇಲ್ಲ.

ಹಾಗಾದ್ರೆ ನೀವೇ "ಇಲ್ಲಿ ವೆಬ್‌ಹುಕ್ ಬೇಕು" ಅನ್ನುವುದು ಯಾವಾಗ?

ಎರಡು ಸಂದರ್ಭದಲ್ಲಿ. ಮೊದಲನೆಯದು, ಐದು ಹತ್ತು ನಿಮಿಷದ ತಡ ನಿಜವಾಗಿ ದುಡ್ಡು ತಿನ್ನುವಾಗ. ಒಂದು ಮನೆಯವರು ಅಪ್ಪೆಮಿಡಿ ಭರಣಿಗಳನ್ನು ಸೈಟಿನಲ್ಲೂ ಮಾರುತ್ತಾರೆ, ಮೇಳಗಳ ಮಳಿಗೆಯಲ್ಲೂ ಮಾರುತ್ತಾರೆ. ಕೊನೆಯ ಹತ್ತು ಭರಣಿ ಉಳಿದಾಗ ಸೈಟಿನಲ್ಲಿ ಮಾರಿಹೋದದ್ದು ಮಳಿಗೆಯಲ್ಲಿ ನಿಂತವರಿಗೆ ಆಗಲೇ ಗೊತ್ತಾಗಬೇಕು. ಹತ್ತು ನಿಮಿಷದಲ್ಲಿ ಅದೇ ಭರಣಿ ಎರಡು ಸಲ ಮಾರಿಹೋಗುತ್ತದೆ.

ಎರಡನೆಯದು, ಕೇಳಬೇಕಾದ ಅಂಗಡಿಗಳೇ ತುಂಬ ಇದ್ದಾಗ. ಒಂದು ಅಂಗಡಿಯನ್ನು ಐದು ನಿಮಿಷಕ್ಕೊಮ್ಮೆ ಕೇಳಿದರೆ ದಿನಕ್ಕೆ 288 ಸಲ. ಇನ್ನೂರು ಅಂಗಡಿ ಆದರೆ 57,600. ಅದರಲ್ಲಿ ಮುಕ್ಕಾಲು ಅಂಗಡಿಗೆ ಅವತ್ತು ಆರ್ಡರೇ ಇಲ್ಲ. ಅಲ್ಲಿ ವೆಬ್‌ಹುಕ್ ಇಟ್ಟುಕೊಂಡು, ಪೋಲಿಂಗನ್ನು ದಿನಕ್ಕೆ ನಾಲ್ಕಾರು ಸಲಕ್ಕೆ ಇಳಿಸಬೇಕು. ಇಳಿಸಿ ಅಂದೆ, ತೆಗೆಯಿರಿ ಅನ್ನಲಿಲ್ಲ.

## ಹಾಕಿದ ಮೇಲೆ

ಮಳೆಗೆ ಕರೆಂಟ್ ಹೋಗಿತ್ತು. ವಾಪಸ್ ಬಂದ ಮೇಲೂ ಎರಡು ದಿನ ಒಂದೂ ಆರ್ಡರ್ ಬರಲಿಲ್ಲ. ಏನಾಗಿರಬಹುದು?

ಇದು ನನ್ನ ಕೈಯಿಂದಲೇ ಆದ ತಪ್ಪು, ಅದನ್ನೇ ಹೇಳುತ್ತೇನೆ. ಹೊಸನಗರದ ಕಡೆಯ ಒಂದು ಮನೆಗೆ ಬರೀ ವೆಬ್‌ಹುಕ್ ಹಾಕಿಕೊಟ್ಟಿದ್ದೆ, ಟನಲ್ ಮೂಲಕ. ಬೇಸಿಗೆಯಲ್ಲಿ ಎಲ್ಲ ಚೆನ್ನಾಗಿತ್ತು. ಪುನರ್ವಸು ಮಳೆ ಹಿಡಿದ ಒಂದು ಗುರುವಾರ ಬೆಳಗ್ಗೆ 11:20ಕ್ಕೆ ಕರೆಂಟ್ ಹೋಯಿತು. ಇನ್ವರ್ಟರ್ ಮೇಲಿದ್ದದ್ದು ದೀಪ ಮತ್ತು ಫ್ಯಾನ್ ಮಾತ್ರ. ಸಂಜೆ 5:10ಕ್ಕೆ ಕರೆಂಟ್ ಬಂತು, ಕಂಪ್ಯೂಟರ್ ತಾನಾಗಿ ಎದ್ದಿತು, ಟನಲ್ಲೂ ಎದ್ದಿತು. ಎಲ್ಲ ಸರಿಯಾಗಿದೆ ಅಂತ ಮನೆಯವರೂ ಅಂದುಕೊಂಡರು, ನಾನೂ ಅಂದುಕೊಂಡೆ.

ಈ ನಡುವೆ ಎಂಟು ಆರ್ಡರ್ ಬಂದಿದ್ದವು. ವೂಕಾಮರ್ಸ್ ಒಂದೊಂದಕ್ಕೂ ಸುದ್ದಿ ಕಳಿಸಲು ನೋಡಿತು, ಇಲ್ಲಿ ಎತ್ತಿಕೊಳ್ಳುವವರಿಲ್ಲ. ಸೋತ ಸುದ್ದಿಯನ್ನು ಅದು ಮತ್ತೊಮ್ಮೆ ಕಳಿಸುವುದಿಲ್ಲ. ಸತತವಾಗಿ ಐದು ಸಲಕ್ಕಿಂತ ಜಾಸ್ತಿ ಸೋತರೆ ಆ ವೆಬ್‌ಹುಕ್ಕನ್ನೇ ನಿಲ್ಲಿಸಿಬಿಡುತ್ತದೆ. ಇದು ಬರೆದಿಟ್ಟ ನಿಯಮ, ನಾನು ಓದಿರಲಿಲ್ಲ. ಒಂದು ಆರ್ಡರಿಗೆ `order.updated` ಎರಡು ಮೂರು ಸಲ ಹೊರಡುವುದರಿಂದ, ಆರು ಸೋಲಿಗೆ ಮೂರೇ ಆರ್ಡರ್ ಸಾಕಾಗಿತ್ತು. ಅಂದರೆ ಮಧ್ಯಾಹ್ನದ ಊಟದ ಹೊತ್ತಿಗೇ ಕಥೆ ಮುಗಿದಿತ್ತು.

ಶುಕ್ರವಾರ ಆರ್ಡರಿಲ್ಲ. ಮಳೆ, ಜನ ಕೊಳ್ಳುತ್ತಿಲ್ಲ ಅಂದುಕೊಂಡರು. ಶನಿವಾರ ಬೆಂಗಳೂರಿನಿಂದ ಒಬ್ಬರು ಫೋನ್ ಮಾಡಿ "ನನ್ನ ಹಪ್ಪಳ ಎಲ್ಲಿ?" ಅಂದಾಗಲೇ ಗೊತ್ತಾದದ್ದು. ಅಡ್ಮಿನ್ ಪುಟದಲ್ಲಿ ವೆಬ್‌ಹುಕ್ ಎದುರಿಗೆ `Disabled` ಅಂತ ಇತ್ತು. ಮತ್ತೆ `Active` ಮಾಡಿದೆ. ಹಳೆಯದು ಒಂದೂ ಬರಲಿಲ್ಲ, ಬರುವುದೂ ಇಲ್ಲ. `processing` ಪಟ್ಟಿ ತೆಗೆದು, ಹೊಡೆದ ಲೇಬಲ್‌ಗಳ ಜೊತೆ ಒಂದೊಂದಾಗಿ ತಾಳೆ ನೋಡಿದೆ. ಹತ್ತೊಂಬತ್ತು ಆರ್ಡರ್ ಬಾಕಿ ಉಳಿದಿದ್ದವು.

ಅವತ್ತು ಪೋಲಿಂಗ್ ಇದ್ದಿದ್ದರೆ? ಗುರುವಾರದ ಗಾಡಿ ಹೇಗೂ ತಪ್ಪುತ್ತಿತ್ತು, ಅದನ್ನು ಯಾವ ವ್ಯವಸ್ಥೆಯೂ ತಪ್ಪಿಸುತ್ತಿರಲಿಲ್ಲ. ಆದರೆ 5:10ಕ್ಕೆ ಕಂಪ್ಯೂಟರ್ ಎದ್ದು 5:13ಕ್ಕೆ ಕೇಳಿದ ಕೂಡಲೇ ಎಂಟೂ ಒಟ್ಟಿಗೆ ಬಂದು ಬೀಳುತ್ತಿದ್ದವು. ಶುಕ್ರವಾರದ ಗಾಡಿಗೆ ಹೋಗುತ್ತಿದ್ದವು.

ನಿಮಗೂ ಹೀಗಾಗಿದ್ದರೆ ಮೊದಲು ವೆಬ್‌ಹುಕ್ ಸ್ಥಿತಿ ನೋಡಿ. ಆಮೇಲೆ ಲಾಗ್ ಪುಟದಲ್ಲಿ `webhooks-delivery` ಹೆಸರಿನ ಕಡತ ತೆರೆಯಿರಿ. ಯಾವ ಹೊತ್ತಿಗೆ ಸೋಲು ಶುರುವಾಯಿತು ಅಂತ ಅಲ್ಲಿ ಕಾಣುತ್ತದೆ.

ಎರಡನ್ನೂ ಸೇರಿಸಿ ಹಾಕಬಹುದಾ? ಹೇಗೆ?

ಹಾಕಬಹುದು. ವೆಬ್‌ಹುಕ್ಕನ್ನು ಬಾಗಿಲ ಬೆಲ್ ಅಂತ ಮಾತ್ರ ಇಟ್ಟುಕೊಳ್ಳಿ. ಬೆಲ್ ಹೊಡೆದರೆ ಹೋಗಿ ಪಟ್ಟಿ ಕೇಳಿ. ಬೆಲ್ ಹೊಡೆಯದಿದ್ದರೂ ಹತ್ತು ನಿಮಿಷಕ್ಕೊಮ್ಮೆ ಹೋಗಿ ಕೇಳಿ. ವೆಬ್‌ಹುಕ್ ಜೊತೆ ಬರುವ ಆರ್ಡರ್ ವಿವರವನ್ನು ಓದಲೇಬೇಡಿ. ಆರ್ಡರ್ ಯಾವತ್ತೂ ಒಂದೇ ದಾರಿಯಲ್ಲಿ, ಬಾಕಿ ಪಟ್ಟಿಯ ದಾರಿಯಲ್ಲಿ, ಒಳಗೆ ಬರಲಿ.

ಹೀಗೆ ಮಾಡಿದರೆ ಹಲವು ಚಿಂತೆ ತಾನೇ ಹೋಗುತ್ತದೆ. ಸುದ್ದಿಗಳು ಹಿಂದೆ ಮುಂದೆ ಬಂದರೂ ಪರವಾಗಿಲ್ಲ. ಒಂದೇ ಸುದ್ದಿ ಎರಡು ಸಲ ಬಂದರೂ ಪರವಾಗಿಲ್ಲ. ಬೆಲ್ ಕೆಟ್ಟರೆ ಆರ್ಡರ್ ಹತ್ತು ನಿಮಿಷ ತಡ, ಅಷ್ಟೇ. ವೆಬ್‌ಹುಕ್ ಕೇಳಿಸಿಕೊಳ್ಳುವ ಪುಟ್ಟ ಪ್ರೋಗ್ರಾಂ ಮಾಡಬೇಕಾದ್ದು ಇಷ್ಟು: ಸುದ್ದಿ ಅಂಗಡಿಯಿಂದಲೇ ಬಂತಾ ಅಂತ ಅದರ ಸಹಿ ನೋಡು, `200` ಅಂತ ಉತ್ತರಿಸು, ಆಮೇಲೆ `fetch.sh` ಓಡಿಸು. ಕೆಲಸ ಮುಗಿಸಿ ಆಮೇಲೆ ಉತ್ತರಿಸೋಣ ಅಂತ ಹೋಗಬೇಡಿ, ಕಳಿಸಿದವರು ಕಾದು ಕಾದು ಸೋಲು ಅಂತ ಬರೆದುಕೊಳ್ಳುತ್ತಾರೆ.

ಒಂದು ಕಡೆ ಮಾತ್ರ ಜಾರುತ್ತದೆ. ಗಡಿಯಾರದ ಓಟ ನಡೆಯುತ್ತಿರುವಾಗಲೇ ಬೆಲ್ ಹೊಡೆದರೆ `flock -n` ಹೊಸ ಓಟವನ್ನು ಬಿಟ್ಟುಬಿಡುತ್ತದೆ. ನಡೆಯುತ್ತಿರುವ ಓಟ ಆಗಲೇ ಪಟ್ಟಿ ಓದಿ ಮುಗಿಸಿದ್ದರೆ ಈ ಹೊಸ ಆರ್ಡರ್ ಅದರಲ್ಲಿ ಇರುವುದಿಲ್ಲ. ಆದ್ದರಿಂದ ಬೆಲ್ ಕಡೆಯಿಂದ ಓಡಿಸುವಾಗ `-n` ತೆಗೆದು, ಸರದಿಗೆ ಕಾಯಲು ಬಿಡಿ.

ಒಂದೇ ಆರ್ಡರಿಗೆ ಎರಡು ಲೇಬಲ್ ಬಂತು. ಅಮ್ಮ ಎರಡು ಡಬ್ಬಿ ಕಳಿಸಿಬಿಟ್ಟಿದ್ದಾರೆ!

ಬಾಕಿ ಪಟ್ಟಿ ಕೇಳಿದಾಗಲೆಲ್ಲ ಅದೇ ಆರ್ಡರ್ ಮತ್ತೆ ಮತ್ತೆ ಬರುವುದು ಸಹಜ. ಈಗಾಗಲೇ ಕಂಡದ್ದು ಯಾವುದು ಅಂತ ನಿಮ್ಮ ಕಡೆ ಬರೆದಿಟ್ಟುಕೊಳ್ಳಬೇಕು. ಎಸ್‌ಕ್ಯೂಲೈಟ್‌ನ ಒಂದು ಸಣ್ಣ ಕೋಷ್ಟಕ ಸಾಕು, `order_id` ಅದರ ಪ್ರೈಮರಿ ಕೀ:

```
INSERT INTO kelasa (order_id, label) VALUES (?, 0)
ON CONFLICT(order_id) DO NOTHING;
```

ಲೇಬಲ್ ಹೊಡೆದ ಮೇಲೆ `label` ಅನ್ನು 1 ಮಾಡಿ. ಇಲ್ಲಿ ಒಂದು ಆಯ್ಕೆ ಇದೆ. ಮೊದಲು ಹೊಡೆದು ಆಮೇಲೆ ಬರೆದುಕೊಂಡರೆ, ನಡುವೆ ಕರೆಂಟ್ ಹೋದಾಗ ಅದೇ ಲೇಬಲ್ ಎರಡು ಸಲ ಬರುತ್ತದೆ. ಮೊದಲು ಬರೆದುಕೊಂಡು ಆಮೇಲೆ ಹೊಡೆದರೆ, ನಡುವೆ ಕರೆಂಟ್ ಹೋದಾಗ ಲೇಬಲ್ ಬರುವುದೇ ಇಲ್ಲ. ನಾನು ಮೊದಲನೆಯದನ್ನೇ ಆರಿಸುತ್ತೇನೆ. ಲೇಬಲ್ ಮೇಲೆ ಆರ್ಡರ್ ನಂಬರನ್ನು ದೊಡ್ಡದಾಗಿ ಹೊಡೆಯಿರಿ. ಎರಡು ಚೀಟಿಯಲ್ಲಿ ಒಂದೇ ನಂಬರ್ ಇದ್ದರೆ ಮನುಷ್ಯರ ಕಣ್ಣಿಗೆ ಬೀಳುತ್ತದೆ. ಬಾರದ ಚೀಟಿ ಯಾರ ಕಣ್ಣಿಗೂ ಬೀಳುವುದಿಲ್ಲ.

ಸ್ಕ್ರೀನಿನಲ್ಲಿ "ಹೊಸ ಆರ್ಡರ್ ಇಲ್ಲ" ಅಂತಿದೆ. ನಿಜವಾಗಿ ಇಲ್ವಾ, ಅಥವಾ ಏನಾದ್ರೂ ಕೆಟ್ಟಿದೆಯಾ?

ಇದು ಗೊತ್ತಾಗದಿದ್ದರೆ ನಿಮ್ಮ ಪ್ರೋಗ್ರಾಂ ಅರ್ಧ ಬರೆದದ್ದು. ಖಾಲಿ ಪಟ್ಟಿ ಬೇರೆ, ಉತ್ತರವೇ ಬಾರದ್ದು ಬೇರೆ. ಆದರೆ ತುಂಬ ಜನರ ಕೋಡಿನಲ್ಲಿ ಎರಡೂ "ಸೊನ್ನೆ ಆರ್ಡರ್" ಆಗಿಬಿಡುತ್ತವೆ. ಪಟ್ಟಿ ಕೇಳುವಾಗ ಸರ್ವರಿಗೆ ಕೊಡುವ ಗುಟ್ಟಿನ ಕೀಲಿ ಬದಲಾದರೆ `401` ಬರುತ್ತದೆ. ಸೈಟ್ ದುರಸ್ತಿಯಲ್ಲಿದ್ದರೆ ಪಟ್ಟಿಯ ಬದಲು ಒಂದು ವೆಬ್ ಪುಟ ಬರಬಹುದು. ಉತ್ತರ `200` ಆಗಿರಬೇಕು, ಅದು ಜೇಸನ್ ಪಟ್ಟಿಯೇ ಆಗಿರಬೇಕು, `X-WP-Total` ಹೆಡರಿನ ಸಂಖ್ಯೆಯೂ ಕೈಗೆ ಬಂದ ಆರ್ಡರ್‌ಗಳ ಸಂಖ್ಯೆಯೂ ಒಂದೇ ಇರಬೇಕು. ಈ ಮೂರೂ ಇದ್ದರೆ ಮಾತ್ರ ಅದನ್ನು ಉತ್ತರ ಅಂತ ಒಪ್ಪಿಕೊಳ್ಳಿ.

ಸ್ಕ್ರೀನಿನ ಮೂಲೆಯಲ್ಲಿ "ಕೊನೆಯ ಸಲ ಸರಿಯಾಗಿ ಕೇಳಿದ್ದು 10:43" ಅಂತ ತೋರಿಸಿ. ಇಪ್ಪತ್ತೈದು ನಿಮಿಷ ದಾಟಿದರೆ ಕೆಂಪಾಗಲಿ. ಹತ್ತು ನಿಮಿಷಕ್ಕೇ ಕೆಂಪು ಮಾಡಿದರೆ ನೆಟ್ ಒಂದು ಸಲ ತಡವರಿಸಿದಾಗಲೂ ಕೆಂಪಾಗುತ್ತದೆ, ನಾಲ್ಕು ದಿನದಲ್ಲಿ ಯಾರೂ ಅದನ್ನು ನೋಡುವುದಿಲ್ಲ.

ಅಪರೂಪಕ್ಕೆ ಇನ್ನೊಂದು ಆಗುತ್ತದೆ. ಸೈಟ್ ಬೇಗ ತೆರೆಯಲಿ ಅಂತ ಪುಟಗಳ ನಕಲು ಇಟ್ಟುಕೊಳ್ಳುವ ಕ್ಯಾಶ್ ಈ ಪಟ್ಟಿಯನ್ನೂ ಹಿಡಿದಿಟ್ಟುಕೊಂಡು ಹಳೆಯದನ್ನೇ ಕೊಡುತ್ತಿರುತ್ತದೆ. ಅಡ್ಮಿನ್ ಪುಟದಲ್ಲಿ ಏಳು ಬಾಕಿ, ನಿಮ್ಮ ಕೈಗೆ ಮಾತ್ರ ಬೆಳಗಿನಿಂದ ಅದೇ ಮೂರು ಅಂತಾದರೆ ಇದನ್ನು ಶಂಕಿಸಿ. `/wp-json/wc/` ದಾರಿಯನ್ನು ಕ್ಯಾಶ್‌ನಿಂದ ಹೊರಗಿಡಿಸಿ.

ವೆಬ್‌ಹುಕ್ ತಕ್ಷಣ ಬರುತ್ತೆ ಅಂದ್ರಿ. ನಮಗೆ ರಾತ್ರಿ ಆರ್ಡರ್ ಬೆಳಗ್ಗೆ ಬರುತ್ತಲ್ಲ?

ವೂಕಾಮರ್ಸ್ ವೆಬ್‌ಹುಕ್ಕನ್ನು ಆ ಕ್ಷಣವೇ ಕಳಿಸುವುದಿಲ್ಲ, ಸರದಿಯಲ್ಲಿ ಇಡುತ್ತದೆ. ಆ ಸರದಿಯನ್ನು ಓಡಿಸುವುದು ವರ್ಡ್‌ಪ್ರೆಸ್ಸಿನ ಒಳಗಡಿಯಾರ. ಅದು ಸಾಮಾನ್ಯವಾಗಿ ಯಾರಾದರೂ ಸೈಟಿಗೆ ಬಂದಾಗ ಮಾತ್ರ ಮಿಸುಕುತ್ತದೆ. ರಾತ್ರಿ ಹನ್ನೊಂದಕ್ಕೆ ಆರ್ಡರ್ ಮಾಡಿದವರೇ ಕೊನೆಯ ಗಿರಾಕಿ ಆಗಿದ್ದರೆ, ಬೆಳಗ್ಗೆ ಇನ್ನೊಬ್ಬರು ಬರುವವರೆಗೂ ಸುದ್ದಿ ಅಲ್ಲೇ ಕೂತಿರಬಹುದು. ಹೋಸ್ಟಿಂಗ್ ಕಡೆಯ ನಿಜವಾದ ಕ್ರಾನ್‌ನಿಂದ `wp-cron.php` ಅನ್ನು ಐದು ನಿಮಿಷಕ್ಕೊಮ್ಮೆ ಎಬ್ಬಿಸಿದರೆ ಸರಿಯಾಗುತ್ತದೆ.

ತಮಾಷೆ ಅಂದರೆ, ನಿಮ್ಮ ಪೋಲಿಂಗ್ ಕೂಡ ಸೈಟಿಗೆ ಒಂದು ಭೇಟಿಯೇ. ಪೋಲಿಂಗ್ ಹಾಕಿದ ಮೇಲೆ ವೆಬ್‌ಹುಕ್ ಚುರುಕಾಯಿತು ಅಂತ ಒಬ್ಬರು ನನಗೆ ಹೇಳಿದ್ದು ಸುಳ್ಳಲ್ಲ.

## ಇನ್ನೂ ಒಳಗೆ ಹೋದವರಿಗೆ

ಬಾಕಿ ಪಟ್ಟಿ ಸಾವಿರ ದಾಟುತ್ತೆ. ಪ್ರತಿ ಸಲ ಪೂರ್ತಿ ತರುವುದು ಆಗಲ್ಲ. ಆಗ?

ಆಗ `modified_after` ಬಳಸಿ, ಇಂಥ ಹೊತ್ತಿನ ನಂತರ ಬದಲಾದದ್ದನ್ನು ಮಾತ್ರ ಕೇಳಬೇಕಾಗುತ್ತದೆ. ಇಲ್ಲಿ ಗಡಿಯಾರದ ಕಾಟ ಶುರು. ನಿಮ್ಮ ಕಂಪ್ಯೂಟರಿನ ಹೊತ್ತನ್ನು ನಂಬಬೇಡಿ. ಕೊನೆಗೆ ಬಂದ ಆರ್ಡರಿನೊಳಗೇ ಇರುವ `date_modified_gmt` ಅನ್ನು ಗುರುತಾಗಿ ಇಟ್ಟುಕೊಳ್ಳಿ. ಮುಂದಿನ ಸಲ ಕೇಳುವಾಗ ಅದಕ್ಕಿಂತ ಹತ್ತು ನಿಮಿಷ ಹಿಂದಿನಿಂದ ಕೇಳಿ. ಒಂದೇ ಸೆಕೆಂಡಿನಲ್ಲಿ ಎರಡು ಆರ್ಡರ್ ಬದಲಾಗಿ, ಒಂದು ಮಾತ್ರ ಸಿಕ್ಕಿರಬಹುದು. ಎರಡು ಸಲ ಬಂದದ್ದನ್ನು ನಿಮ್ಮ ಕೋಷ್ಟಕ ಹೇಗೂ ತಡೆಯುತ್ತದೆ.

ಇನ್ನು ಐದೂವರೆ ಗಂಟೆಯ ಗುಂಡಿ. `dates_are_gmt=true` ಹಾಕದಿದ್ದರೆ ವೂಕಾಮರ್ಸ್ ಆ ಹೊತ್ತನ್ನು ಸೈಟಿನ ಸ್ಥಳೀಯ ಕಾಲ ಅಂತ ಓದುತ್ತದೆ. ಜಿಎಂಟಿ ಹೊತ್ತನ್ನು ಸ್ಥಳೀಯ ಅಂತ ಕೊಟ್ಟರೆ ಐದೂವರೆ ಗಂಟೆ ಹಿಂದಿನದ್ದೂ ಬರುತ್ತದೆ, ನಷ್ಟವಿಲ್ಲ. ನಮ್ಮ ಹೊತ್ತನ್ನು ಜಿಎಂಟಿ ಅಂತ ಕೊಟ್ಟರೆ ಐದೂವರೆ ಗಂಟೆ ಮುಂದಿನದ್ದನ್ನು ಕೇಳಿದ ಹಾಗೆ. ಏನೂ ಬರುವುದಿಲ್ಲ, ತಪ್ಪು ಅಂತಲೂ ಹೇಳುವುದಿಲ್ಲ.

ಇಷ್ಟೆಲ್ಲ ಮಾಡಿದರೂ ರಾತ್ರಿ ಒಂದು ಸಲ ಬಾಕಿ ಪಟ್ಟಿಯನ್ನು ಪೂರ್ತಿ ತಂದು ತಾಳೆ ನೋಡಿ. ಆ ತಾಳೆಯಲ್ಲಿ ಹೊಸದಾಗಿ ಸಿಕ್ಕ ಆರ್ಡರ್ ಎಷ್ಟು ಅಂತ ಬರೆದಿಡಿ. ಅದು ಸೊನ್ನೆ ಇರಬೇಕು. ಸೊನ್ನೆ ಅಲ್ಲದ ದಿನ ಹಗಲಿನ ದಾರಿಯಲ್ಲಿ ಎಲ್ಲೋ ಸೋರುತ್ತಿದೆ ಅಂತ ಅರ್ಥ.

ಪಟ್ಟಿಯಲ್ಲಿ ಇಲ್ಲದ್ದು ಅಂದ್ರೆ ರದ್ದಾಯ್ತು ಅಂತ ತೆಗೆದುಬಿಡಬಹುದಾ?

ನೇರವಾಗಿ ತೆಗೆಯಬೇಡಿ. ಪಟ್ಟಿ ಒಂದೇ ಪುಟದಲ್ಲಿ ಬಂದಿದ್ದರೆ ನಂಬಬಹುದು. ಎರಡು ಮೂರು ಪುಟ ಆದರೆ ಒಂದು ತಮಾಷೆ ನಡೆಯುತ್ತದೆ. ನೀವು ಮೊದಲ ಪುಟದ ನೂರು ಆರ್ಡರ್ ಓದಿದಿರಿ. ಎರಡನೇ ಪುಟ ಕೇಳುವ ಮೊದಲು, ಪಕ್ಕದ ಮೇಜಿನಲ್ಲಿ ಯಾರೋ ಮೊದಲ ಪುಟದ ಒಂದು ಆರ್ಡರನ್ನು ಮುಗಿಸಿ `completed` ಮಾಡಿದರು. ಸಾಲು ಒಂದು ಹೆಜ್ಜೆ ಮುಂದೆ ಸರಿಯಿತು. ನೂರಾ ಒಂದನೆಯದಾಗಿದ್ದದ್ದು ಈಗ ನೂರನೆಯದು, ಅಂದರೆ ಮೊದಲ ಪುಟಕ್ಕೆ ಹೋಯಿತು. ನೀವು ಎರಡನೇ ಪುಟ ತೆರೆದಾಗ ಅದು ಅಲ್ಲಿಲ್ಲ. ಯಾವ ಪುಟದಲ್ಲೂ ಸಿಗದೆ ಜಾರಿಹೋಯಿತು.

ಹೊಸ ಆರ್ಡರ್ ಹೀಗೆ ಜಾರಿದರೆ ಮುಂದಿನ ಸಲ ಸಿಗುತ್ತದೆ, ಚಿಂತೆಯಿಲ್ಲ. ಆದರೆ ಲೇಬಲ್ ಹೊಡೆದು ಮೇಜಿನ ಮೇಲೆ ಇಟ್ಟ ಆರ್ಡರನ್ನು "ರದ್ದಾಯಿತು" ಅಂತ ತೆಗೆದುಬಿಟ್ಟರೆ ಗೊಂದಲ. ಆದ್ದರಿಂದ ಕಾಣದೇ ಹೋದ ಪ್ರತಿ ಆರ್ಡರನ್ನೂ ಅದರ ನಂಬರ್ ಹಿಡಿದು ಒಂದು ಸಲ ಕೇಳಿ:

```
GET /wp-json/wc/v3/orders/4127
```

`status` ಎದುರಿಗೆ `cancelled` ಅಥವಾ `refunded` ಇದ್ದರೆ ಮಾತ್ರ ತೆಗೆಯಿರಿ.

ನಮ್ಮ ವೆಬ್‌ಹುಕ್ ವಿಳಾಸ ಯಾರಿಗಾದ್ರೂ ಗೊತ್ತಾದ್ರೆ ಸುಳ್ಳು ಆರ್ಡರ್ ಕಳಿಸಬಹುದಲ್ವಾ?

ವೆಬ್‌ಹುಕ್‌ನೊಳಗಿನ ವಿವರವನ್ನು ನಂಬಿ ಲೇಬಲ್ ಹೊಡೆಯುವವರಿಗೆ ಇದು ದೊಡ್ಡ ಅಪಾಯ. ಬೆಲ್ ಹಾಗೆ ಬಳಸುವವರಿಗೆ ಸುಳ್ಳು ಬೆಲ್ ಅಂದರೆ ಒಂದು ಸಲ ಸುಮ್ನೆ ಪಟ್ಟಿ ಕೇಳಿದ ಹಾಗೆ, ಅಷ್ಟೇ. ಆದರೂ ಸಹಿ ನೋಡಿ. `X-WC-Webhook-Signature` ಹೆಡರಿನಲ್ಲಿ ಬರುವುದು ನಿಮ್ಮ ಗುಟ್ಟಿನ ಪದದಿಂದ ಲೆಕ್ಕ ಹಾಕಿದ ಸಹಿ. ಬಂದ ಪಠ್ಯವನ್ನು ಬಿಚ್ಚಿ ಮತ್ತೆ ಜೋಡಿಸಿದರೆ ಒಂದು ಖಾಲಿ ಜಾಗ ಬದಲಾದರೂ ಸಹಿ ತಾಳೆಯಾಗುವುದಿಲ್ಲ, ಆದ್ದರಿಂದ ಬಂದ ಬೈಟುಗಳ ಮೇಲೆಯೇ ಲೆಕ್ಕ ಹಾಕಬೇಕು. ಯಾರೋ ಬೆಲ್ ಒತ್ತಿಹಿಡಿದರೆ ಅಂತ, ಎರಡು ಓಟದ ನಡುವೆ ಮೂವತ್ತು ಸೆಕೆಂಡ್ ಅಂತರ ಇಡಿ.

ಬೇರೆ ಕಡೆಯಿಂದ ಬರುವ ವೆಬ್‌ಹುಕ್‌ಗಳೂ ಹೀಗೇ ಸೋತರೆ ಬಿಟ್ಟುಬಿಡ್ತಾವಾ?

ಒಬ್ಬೊಬ್ಬರದ್ದು ಒಂದೊಂದು ರೀತಿ. ರೇಜರ್‌ಪೇ ಸೋತ ಸುದ್ದಿಯನ್ನು ಅಂತರ ಹೆಚ್ಚಿಸುತ್ತಾ 24 ಗಂಟೆಯವರೆಗೆ ಮತ್ತೆ ಮತ್ತೆ ಕಳಿಸಿ ನೋಡುತ್ತದೆ. ಆಮೇಲೂ ಆಗದಿದ್ದರೆ ಆ ವೆಬ್‌ಹುಕ್ಕನ್ನು ನಿಲ್ಲಿಸುತ್ತದೆ. ಸ್ಟ್ರೈಪ್ ಮೂರು ದಿನದವರೆಗೆ ಪ್ರಯತ್ನಿಸುತ್ತದೆ. ಗಿಟ್‌ಹಬ್ ತಾನಾಗಿ ಮತ್ತೆ ಕಳಿಸುವುದೇ ಇಲ್ಲ, ನೀವೇ ಹೋಗಿ ಮರುಕಳಿಸು ಅನ್ನಬೇಕು. ಹೊಸ ಸೇವೆ ಜೋಡಿಸುವ ಮೊದಲು ಮೂರು ಸಂಗತಿ ಅವರ ದಾಖಲೆಯಲ್ಲಿ ಹುಡುಕಿ: ಎಷ್ಟು ಸೆಕೆಂಡಿನೊಳಗೆ ಉತ್ತರಿಸಬೇಕು, ಎಷ್ಟು ಹೊತ್ತು ಮರುಪ್ರಯತ್ನ ಮಾಡುತ್ತಾರೆ, ಯಾವಾಗ ವೆಬ್‌ಹುಕ್ ನಿಲ್ಲಿಸುತ್ತಾರೆ. ನಿಮ್ಮೂರಿನಲ್ಲಿ ಮಳೆಗಾಲಕ್ಕೆ ಅತಿ ಉದ್ದ ಕರೆಂಟ್ ಹೋದದ್ದು ಎಷ್ಟು ಹೊತ್ತು ಅಂತ ಮನೆಯವರನ್ನು ಕೇಳಿ, ಎರಡನೇ ಅಂಕಿಯ ಪಕ್ಕ ಇಟ್ಟು ನೋಡಿ. ಆಗುಂಬೆ ಕಡೆಯ ಒಬ್ಬರು ಇದಕ್ಕೆ "ಗಂಟೆಯಲ್ಲಿ ಹೇಳ್ಬೇಕಾ, ದಿನದಲ್ಲಿ ಹೇಳ್ಬೇಕಾ?" ಅಂತ ಕೇಳಿದರು. ಅವರಿಗೆ ನಾನು ಬರೀ ಪೋಲಿಂಗ್ ಹಾಕಿಕೊಟ್ಟೆ.